ಗಾಡಿ ತಂಪು, ಪನೀರ್ ಬೆಚ್ಚಗೆ

ಬೆಂಗಳೂರಿನ ಹೋಟೆಲುಗಳಲ್ಲಿ ಮುಂಬಾಗಿಲಿಗಿಂತ ಮೊದಲು ತೆರೆಯುವುದು ಹಿಂಬಾಗಿಲು. ಬೆಳಗಿನ ಜಾವ ಅಲ್ಲಿಗೆ ಬಂದು ನಿಲ್ಲುವ ತಂಪು ಗಾಡಿಯ ಸರಕನ್ನು ಒಳಗೆ ಬಿಡಬೇಕೋ ವಾಪಸ್ ಕಳಿಸಬೇಕೋ ಎಂದು ತೀರ್ಮಾನಿಸುವವರು ಸ್ಟೋರ್ ನೋಡಿಕೊಳ್ಳುವ ಒಬ್ಬರು. ಅವರ ಕೈಯಲ್ಲಿರುವ ಸಮಯ ಹತ್ತು ಹದಿನೈದು ನಿಮಿಷ. ಡ್ರೈವರ್‌ಗೆ ಇನ್ನೂ ನಾಲ್ಕು ಕಡೆ ಹೋಗಬೇಕು, ಅಡುಗೆ ಭಟ್ಟರಿಗೆ ಪನೀರ್ ಆಗಲೇ ಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಾಡಿಯಲ್ಲಿ ಇಪ್ಪತ್ತು ಕಿಲೋ ಪನೀರ್, ಮೂವತ್ತು ಕಿಲೋ ಫ್ರೋಜನ್ ಕೋಳಿ, ಹತ್ತು ಕಿಲೋ ಫ್ರೋಜನ್ ಬಟಾಣಿ ಬಂದಿದೆ. ಒಳಗೆ ನಡುವೆ ತಡೆಗೋಡೆ ಇದೆ. ಒಂದು ಕೋಣೆ ಫ್ರೋಜನ್‌ಗೆ, ಇನ್ನೊಂದು ತಣ್ಣಗಿಡುವ ಸರಕಿಗೆ. ಡ್ರೈವರ್ ಮುಂದಿನ ಫಲಕ ತೋರಿಸುತ್ತಾನೆ: ಒಂದು ಕೋಣೆ ಮೈನಸ್ 17, ಇನ್ನೊಂದು 4 ಡಿಗ್ರಿ. "ಎಲ್ಲಾ ಕರೆಕ್ಟಾಗಿದೆ ಸಾರ್, ಸೈನ್ ಹಾಕಿ."

ಆ ಫಲಕ ಸುಳ್ಳು ಹೇಳುತ್ತಿಲ್ಲ, ಆದರೆ ಅದು ಹೇಳುವುದು ಗಾಳಿಯ ಸುದ್ದಿ. ಉಷ್ಣತೆ ಅಳೆಯುವ ಸಾಧನ ಸಾಮಾನ್ಯವಾಗಿ ತಂಪು ಯಂತ್ರದ ಹತ್ತಿರ ಇರುತ್ತದೆ. ಬಾಗಿಲು ತೆರೆದರೆ ಗಾಳಿ ಕ್ಷಣದಲ್ಲಿ ಬಿಸಿಯಾಗುತ್ತದೆ, ಮುಚ್ಚಿದರೆ ಕೆಲವೇ ನಿಮಿಷದಲ್ಲಿ ಮತ್ತೆ ತಣ್ಣಗಾಗುತ್ತದೆ. ಪೆಟ್ಟಿಗೆಯ ನಡುವೆ ಕೂತ ಪನೀರಿಗೆ ಆ ಚುರುಕುತನ ಇಲ್ಲ. ಆದ್ದರಿಂದ ಅಳೆಯಬೇಕಾದದ್ದು ಸರಕನ್ನು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮಗಳ ಪ್ರಕಾರ ತಣ್ಣಗಿಡಬೇಕಾದ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು, ಫ್ರೋಜನ್ ಆಹಾರ ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ. ಗಡಿ ಇಷ್ಟು ಸರಳ. ಕಷ್ಟ ಇರುವುದು ಅದನ್ನು ಹಿಂಬಾಗಿಲಲ್ಲಿ ನಿಂತು ಅಳೆಯುವುದರಲ್ಲಿ.

ಬೇಕಾದದ್ದು ಉದ್ದ ಕಡ್ಡಿಯ ಪ್ರೋಬ್ ಥರ್ಮಾಮೀಟರ್. ಕೊರೊನಾ ಕಾಲದಲ್ಲಿ ಎಲ್ಲರ ಹಣೆಗೆ ಹಿಡಿದ ಗನ್ ಅನೇಕ ಹೋಟೆಲುಗಳ ಡ್ರಾಯರ್‌ನಲ್ಲಿ ಇನ್ನೂ ಇದೆ. ಅದು ಮೈಜ್ವರ ನೋಡಲು ಮಾಡಿದ್ದು, ಕೋಳಿಗೆ ಬರುವುದಿಲ್ಲ. ಅಡುಗೆಮನೆಗೆಂದೇ ಸಿಗುವ ಗನ್ ಕೂಡ ಮೇಲ್ಮೈಯನ್ನಷ್ಟೇ ಓದುತ್ತದೆ, ಹೊಳೆಯುವ ಪೊಟ್ಟಣದ ಮೇಲೆ ಅದರ ಲೆಕ್ಕ ತಪ್ಪುತ್ತದೆ. ಯಾವ ಪೆಟ್ಟಿಗೆ ಅನುಮಾನಾಸ್ಪದ ಎಂದು ಬೇಗ ಹುಡುಕಲು ಅದು ಸಾಕು, ತೀರ್ಪು ಕೊಡಲು ಸಾಲದು. ಪ್ರೋಬ್ ಸರಿಯಿದೆಯೇ ಎಂದು ನೋಡುವುದು ಸುಲಭ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಸುರಿದು ಕಲಕಿ, ಕಡ್ಡಿಯನ್ನು ಲೋಟಕ್ಕೆ ತಾಗದಂತೆ ಅದ್ದಿ ಹಿಡಿಯಬೇಕು. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಇದ್ದರೆ ನಡೆಯುತ್ತದೆ.

ಈಗ ಪನೀರ್. ಪೊಟ್ಟಣ ಚುಚ್ಚಬೇಕಿಲ್ಲ. ಎರಡು ಪೊಟ್ಟಣಗಳ ಚಪ್ಪಟೆ ಬದಿಗಳ ನಡುವೆ ಕಡ್ಡಿ ಇಟ್ಟು, ಎರಡನ್ನೂ ಒತ್ತಿ ಹಿಡಿದು, ಅಂಕಿ ಓಡುವುದು ನಿಲ್ಲುವ ತನಕ ಕಾಯಬೇಕು. ಒಂದೇ ಕಡೆ ನೋಡಿದರೆ ಸಾಲದು, ಪೆಟ್ಟಿಗೆಯ ಅಂಚಿನಲ್ಲೊಮ್ಮೆ, ನಡುವಿನಲ್ಲೊಮ್ಮೆ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಅಂಚಿನ ಪನೀರ್ 6 ಡಿಗ್ರಿ, ನಡುವಿನದು 10. ಅನುಮಾನ ಉಳಿಯದಿರಲೆಂದು ನಡುವಿನ ಒಂದು ಪೊಟ್ಟಣ ಬಿಚ್ಚಿ ಕಡ್ಡಿಯನ್ನು ಪನೀರಿನೊಳಗೇ ಇಳಿಸಿದರೂ ಅದೇ 10.

ಹೊರಗೆ ತಂಪು, ಒಳಗೆ ಬೆಚ್ಚಗೆ ಎಂದರೆ ಏನರ್ಥ? ದಾರಿಯಲ್ಲಿ ಬಿಸಿ ತಗುಲಿದ್ದರೆ ಮೊದಲು ಅಂಚು ಬಿಸಿಯಾಗಬೇಕಿತ್ತು. ಇಲ್ಲಿ ಉಲ್ಟಾ ಆಗಿದೆ. ಅಂದರೆ ಪನೀರ್ ಡೇರಿಯಿಂದ ಹೊರಟಾಗಲೇ ಸರಿಯಾಗಿ ತಣ್ಣಗಾಗಿರಲಿಲ್ಲ, ಪ್ಯಾಕ್ ಮಾಡಿ ಪೆಟ್ಟಿಗೆಗೆ ತುಂಬಿ ಬೆಚ್ಚಗಿದ್ದಾಗಲೇ ಗಾಡಿಗೇರಿಸಿದ್ದಾರೆ. ಗಾಡಿಯ ಯಂತ್ರ ಇರುವುದು ತಣ್ಣಗಿರುವುದನ್ನು ಹಾಗೇ ಕಾಯಲು. ಬಿಸಿ ಸರಕನ್ನು ತಣಿಸುವ ಶಕ್ತಿ ಅದಕ್ಕಿಲ್ಲ, ಒತ್ತೊತ್ತಾಗಿ ಪೇರಿಸಿದ ಪೆಟ್ಟಿಗೆಗಳ ನಡುವೆ ತಂಪು ಗಾಳಿ ನುಗ್ಗುವುದೂ ಇಲ್ಲ. ಡ್ರೈವರ್ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಈ ತಪ್ಪು ಅವನದಲ್ಲ. ಆದರೆ ಪನೀರ್ ವಾಪಸ್ ಹೋಗಲೇಬೇಕು.

ಇಲ್ಲಿ ಒಂದು ವಾದ ಬರುತ್ತದೆ, ಅಡುಗೆಮನೆಯೊಳಗಿನಿಂದಲೇ: "ಹೇಗೂ ಬೇಯಿಸ್ತೀವಲ್ಲ ಸಾರ್." ಹಾಲನ್ನು ಕಾಯಿಸಿಯೇ ಕುಡಿಯುವ ನಮ್ಮ ಮನೆಗಳ ಅಭ್ಯಾಸದಿಂದ ಬಂದ ಧೈರ್ಯ ಇದು. ಬ್ಯಾಕ್ಟೀರಿಯಾ ಬಿಸಿಗೆ ಸಾಯುತ್ತದೆ, ನಿಜ. ಆದರೆ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಜಾತಿ ಕೈಗಳ ಮೂಲಕ ಸುಲಭವಾಗಿ ಪನೀರಿಗೆ ಸೇರುತ್ತದೆ, ಬೆಚ್ಚಗೆ ಬಿಟ್ಟಾಗ ಬೆಳೆದು ವಿಷ ಬಿಡುತ್ತದೆ. ಆ ವಿಷ ಕುದಿಸಿದರೂ ಉಳಿಯುತ್ತದೆ. 10 ಡಿಗ್ರಿಯ ಪನೀರಿನಲ್ಲಿ ವಿಷ ಇದ್ದೇ ಇದೆ ಎಂದಲ್ಲ. ಅದು ಈಗ 10 ಆಗಿದ್ದರೆ ನಿನ್ನೆ ರಾತ್ರಿ ಎಷ್ಟಿತ್ತು, ಎಷ್ಟು ಹೊತ್ತು ಇತ್ತು ಎಂದು ಯಾರಿಗೂ ಗೊತ್ತಿಲ್ಲ ಎಂಬುದೇ ವಾಪಸ್ ಕಳಿಸಲು ಕಾರಣ. ತಣ್ಣಗಿಡುವ ಸರಕಿನ ದೊಡ್ಡ ತೊಂದರೆ ಇದು: ಬಿಸಿಯಾಗಿ ಮತ್ತೆ ತಣ್ಣಗಾದರೆ ಮೈಮೇಲೆ ಗುರುತೇ ಉಳಿಯುವುದಿಲ್ಲ. ಪೊಟ್ಟಣ ಉಬ್ಬಿದ್ದರೆ, ನೀರು ಬಿಟ್ಟಿದ್ದರೆ, ಹುಳಿ ವಾಸನೆ ಬಂದರೆ ಕೆಟ್ಟಿದೆ ಎಂದು ಖಚಿತ. ಆದರೆ ಅವು ಇಲ್ಲದಿದ್ದರೆ ಚೆನ್ನಾಗಿದೆ ಎನ್ನಲಾಗದು.

ಫ್ರೋಜನ್ ಸರಕು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಕರಗಿ ಮತ್ತೆ ಗಟ್ಟಿಯಾದರೆ ಕುರುಹು ಬಿಡುತ್ತದೆ. ಆ ಕುರುಹನ್ನು ಕಣ್ಣಿನಿಂದ ಹುಡುಕಬೇಕು, ಕೈ ನಂಬುವಂತಿಲ್ಲ: ಮೈನಸ್ 9ರ ಕೋಳಿಯೂ ಮೈನಸ್ 18ರ ಕೋಳಿಯೂ ಬೆರಳಿಗೆ ಒಂದೇ ಥರ ಕಲ್ಲು.

ಕೋಳಿಯ ಪೆಟ್ಟಿಗೆಯಲ್ಲಿ ಹೊರ ಸಾಲಿನ ಪೊಟ್ಟಣಗಳ ನಡುವೆ ಮೈನಸ್ 9, ಒಳಗೆ ಮೈನಸ್ 16 ಬರುತ್ತದೆ. ಪನೀರಿಗೆ ಪೂರಾ ಉಲ್ಟಾ. ಇದು ಚೆನ್ನಾಗಿಯೇ ಹೊರಟು ದಾರಿಯಲ್ಲಿ ಬಿಸಿ ತಿಂದಿದೆ. ಡೀಸೆಲ್ ಉಳಿಸಲು ಯಂತ್ರ ಆರಿಸಿಟ್ಟಿರಬಹುದು, ಹಿಂದಿನ ಅಂಗಡಿಯಲ್ಲಿ ಬಾಗಿಲು ತೆರೆದಿಟ್ಟು ಲೆಕ್ಕ ಮಾಡಿರಬಹುದು. ಅದಷ್ಟೇ ಆಗಿದ್ದರೆ ಯೋಚಿಸಬಹುದಿತ್ತೇನೋ. ಆದರೆ ಒಂದು ಪೊಟ್ಟಣ ಎತ್ತಿ ನೋಡಿದರೆ ಕೆಳಮೂಲೆಯಲ್ಲಿ ತಿಳಿ ಕೆಂಪು ಐಸ್ ಹರಳುಗಟ್ಟಿ ಕೂತಿದೆ. ಮಾಂಸದ ರಸ ಸೋರಿ ಮೂಲೆಗೆ ಇಳಿದು, ಆಮೇಲೆ ಗಟ್ಟಿಯಾಗಿದೆ. ದ್ರವವಾಗದೆ ಅದು ಮೂಲೆಗೆ ಹರಿಯಲು ಸಾಧ್ಯವಿಲ್ಲ. ಹಾಗಾಗಿ ಈ ಕೋಳಿ ಹಿಂದೊಮ್ಮೆ ಕರಗಿದೆ, ಬಹುಶಃ ಇವತ್ತಲ್ಲ. ಇಂದಿನ ಅಂಕಿ ಎಷ್ಟೇ ಇರಲಿ, ಇದೂ ವಾಪಸ್.

ಪೊಟ್ಟಣದೊಳಗೆ ಬಿಳಿ ಹಿಮದ ಪುಡಿ ಕಂಡರೆ ಅಷ್ಟು ಗಾಬರಿ ಬೇಡ. ಉಷ್ಣತೆ ಸ್ವಲ್ಪ ಏರಿಳಿದಾಗ ಆಹಾರದ ತೇವ ಹೊರಬಂದು ಹಾಗೆ ಕೂರುತ್ತದೆ. ರುಚಿ ಕೆಡುತ್ತದೆ, ಮಾಂಸ ನಾರಾಗುತ್ತದೆ, ಆರೋಗ್ಯಕ್ಕೆ ಅಪಾಯ ಎನ್ನಲಾಗದು. ಅದನ್ನು ತೆಗೆದುಕೊಳ್ಳುವುದು ಬಿಡುವುದು ಹೋಟೆಲಿನವರ ರುಚಿಗೆ ಬಿಟ್ಟದ್ದು.

ಬಟಾಣಿಗೆ ಪರೀಕ್ಷೆ ಇನ್ನೂ ಸುಲಭ, ಮನೆಯಲ್ಲಿ ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುವವರೂ ಮಾಡಬಹುದು. ಪೊಟ್ಟಣ ಅಲ್ಲಾಡಿಸಿ. ಕಾಳುಗಳನ್ನು ಬಿಡಿಬಿಡಿಯಾಗಿಯೇ ಫ್ರೀಜ್ ಮಾಡಿರುತ್ತಾರೆ, ಗಲಗಲ ಎನ್ನಬೇಕು. ಅಲ್ಲಲ್ಲಿ ಅಂಟಿದ ಗುಂಪು ಬೆರಳಲ್ಲಿ ಒತ್ತಿದರೆ ಬಿಡಿಸಿಕೊಂಡರೆ ಚಿಂತೆಯಿಲ್ಲ. ಇಡೀ ಪೊಟ್ಟಣ ಒಂದೇ ಇಟ್ಟಿಗೆಯಾಗಿದ್ದರೆ ಕರಗಿ ಗಟ್ಟಿಯಾದದ್ದು. ನಮ್ಮ ಬಟಾಣಿ ಗಲಗಲ ಎನ್ನುತ್ತದೆ, ಉಷ್ಣತೆ ಮೈನಸ್ 15. ಪುಸ್ತಕದ ಪ್ರಕಾರ ಮೂರು ಡಿಗ್ರಿ ಹೆಚ್ಚು. ನಾನಾದರೆ ತೆಗೆದುಕೊಳ್ಳುತ್ತೇನೆ, ನೇರ ಫ್ರೀಜರ್‌ಗೆ ಹಾಕಿಸುತ್ತೇನೆ, ಚಲನ್ ಮೇಲೆ ಮೈನಸ್ 15 ಎಂದು ಬರೆಯುತ್ತೇನೆ. ಆ ಚಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಕರಗಿದ ಕುರುಹೂ ಇಲ್ಲ. ಇಂಥ ಸಡಿಲಿಕೆ ಎಷ್ಟರ ತನಕ ಎಂಬುದನ್ನು ಮಾತ್ರ ಸರಬರಾಜುದಾರರ ಜೊತೆ ಮೊದಲೇ ಬರೆದು ಇಟ್ಟುಕೊಳ್ಳಬೇಕು. ಬೆಳಗಿನ ಜಾವ ಗಾಡಿ ಎದುರು ನಿಂತು ಹೊಸ ನಿಯಮ ಮಾಡಲು ಹೋದರೆ ಜೋರು ದನಿಯವರೇ ಗೆಲ್ಲುತ್ತಾರೆ.

ಅಷ್ಟರಲ್ಲಿ ಇನ್ನೊಂದು ಟೆಂಪೋ ಬರುತ್ತದೆ, ಕರಾವಳಿಯಿಂದ ಬಂದ ಬಂಗುಡೆಯ ಥರ್ಮಾಕೋಲ್ ಪೆಟ್ಟಿಗೆಗಳೊಂದಿಗೆ. ಇಲ್ಲಿ ಎಲ್ಲ ಲೆಕ್ಕವೂ ಐಸ್ ಮೇಲೆ. ಮೀನಿನ ಸುತ್ತ, ಕೆಳಗೂ ಮೇಲೂ, ಇನ್ನೂ ಕರಗದ ಐಸ್ ಇರಬೇಕು, ಕರಗಿದ ನೀರು ಹೊರಗೆ ಹರಿದು ಹೋಗಿರಬೇಕು. ಕಡ್ಡಿಯನ್ನು ದಪ್ಪ ಭಾಗದಲ್ಲಿ ಬೆನ್ನುಮೂಳೆಯ ಹತ್ತಿರ ಇಳಿಸಿದರೆ ಸೊನ್ನೆಯ ಆಸುಪಾಸು ಬರಬೇಕು.

ಬಂಗುಡೆ, ಬೂತಾಯಿ, ಕೇದರ ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಸತ್ತ ಮೀನು ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯತೊಡಗುತ್ತದೆ. ಜನ ಇದನ್ನು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಹಿಸ್ಟಮಿನ್ ಹುರಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ, ಮೂಗಿಗೆ ತಿಳಿಯಲೇಬೇಕೆಂದೂ ಇಲ್ಲ. ದೋಣಿಯ ಮೇಲೆ ಅರ್ಧ ದಿನ ಬಿಸಿಲಲ್ಲಿ ಬಿದ್ದ ಬಂಗುಡೆಯನ್ನು ಆಮೇಲೆ ಐಸ್‌ನಲ್ಲಿ ಮುಳುಗಿಸಿದರೆ ಹಿಂಬಾಗಿಲಲ್ಲಿ ನಮ್ಮ ಪ್ರೋಬ್ ಸೊನ್ನೆಯನ್ನೇ ತೋರಿಸುತ್ತದೆ. ಲ್ಯಾಬಿಗೆ ಕಳಿಸದೆ ಅದನ್ನು ಹಿಡಿಯಲಾಗದು. ಆದ್ದರಿಂದ ಮೀನಿನ ವಿಷಯದಲ್ಲಿ ಯಾವ ದೋಣಿ, ಯಾವಾಗ ಹಿಡಿದದ್ದು, ಯಾವಾಗ ಐಸ್ ಹಾಕಿದ್ದು ಎಂದು ಹೇಳಬಲ್ಲ ವ್ಯಾಪಾರಿಯಿಂದಲೇ ಕೊಳ್ಳಬೇಕು. ಒಂದೇ ಪೆಟ್ಟಿಗೆಯಲ್ಲಿ ಕೆಲವಕ್ಕೆ ಕೆಂಪು ಕಿವಿರು, ಕೆಲವಕ್ಕೆ ಕಂದು ಕಿವಿರು ಕಂಡರೆ ಬೇರೆಬೇರೆ ಹೊತ್ತಿನ ಮೀನು ಬೆರೆಸಿದ್ದಾರೆ ಎಂದು ತಿಳಿದು ಪೂರಾ ಪೆಟ್ಟಿಗೆ ಬೇಡ ಎನ್ನಬೇಕು. ಒಳ್ಳೆಯದನ್ನು ಆರಿಸಿಕೊಳ್ಳಲು ಕೂರಬಾರದು.

ಇನ್ನು ವಾಪಸ್ ಮಾಡುವ ಕ್ರಮ. ಪನೀರ್ ಮತ್ತು ಕೋಳಿಗೆ ಚಲನ್‌ನ ಎರಡೂ ಪ್ರತಿಯಲ್ಲಿ ಹೊತ್ತು, ಅಳೆದ ಜಾಗ, ಬಂದ ಅಂಕಿ, ಬ್ಯಾಚ್ ನಂಬರ್ ಬರೆದು ಡ್ರೈವರ್ ಸಹಿ ಹಾಕಿಸಬೇಕು. ಪನೀರ್ "ನಡುವೆ 10, ಅಂಚಿನಲ್ಲಿ 6" ಎಂದಿದ್ದರೆ ಡೇರಿಯವರು ಸಾಗಣೆಯವರ ಮೇಲೆ ಹೇಳಿ ನುಣುಚಿಕೊಳ್ಳಲಾಗದು. ಬರೀ "ಕ್ವಾಲಿಟಿ ಸರಿಯಿಲ್ಲ" ಎಂದು ಗೀಚಿದ ಚಲನ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಗಾಡಿಯಲ್ಲಿ ಉಷ್ಣತೆ ದಾಖಲಿಸುವ ಲಾಗರ್ ಇದ್ದರೆ ಅದರ ಪ್ರಿಂಟ್ ಕೇಳಬೇಕು. ಪೆಟ್ಟಿಗೆಗಳ ಮೇಲೆ ದಪ್ಪ ಮಾರ್ಕರ್‌ನಲ್ಲಿ "ವಾಪಸ್" ಎಂದು ಬರೆಯುವುದನ್ನು ಮರೆಯಬಾರದು. ಬರೆಯದಿದ್ದರೆ ಅದೇ ಕೋಳಿ ಮುಂದಿನ ಬೀದಿಯ ಹೋಟೆಲಿಗೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ.