ಮುಳ್ಳಿನ ಸಾಲು ಎಣಿಸಿ, ಶಂಖದ ಕುಲ ತಿಳಿಯಿರಿ

ಮಲ್ಪೆಯ ಮರಳಿನ ಮೇಲೆ ತೆಗೆದ ಎರಡು ಫೋಟೊಗಳು ನನ್ನ ಮುಂದಿವೆ. ಎರಡರಲ್ಲೂ ಬೆರಳುದ್ದದ ಮುಳ್ಳುಶಂಖ. ಬಿಸಿಲಿಗೆ ಬಣ್ಣವೆಲ್ಲ ಹಾರಿಹೋಗಿದೆ. ಒಂದೇ ಜಾತಿಯವು ಅನ್ನಿಸುತ್ತದೆ, ಅಲ್ಲವೇ? ಖಂಡಿತ ಅಲ್ಲ! ಇವು ಬೇರೆ ಬೇರೆ ಕುಟುಂಬದವು. ಅದನ್ನು ಹೇಳುವುದಕ್ಕೆ ಬಣ್ಣವೇ ಬೇಕಿಲ್ಲ!

ಮೊದಲು ಸುರುಳಿ. ಚೂಪು ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿದರೆ ಎರಡಕ್ಕೂ ಬಾಯಿ ಬಲಗಡೆಗೇ ಇದೆ. ಕಡಲ ಶಂಖಗಳಲ್ಲಿ ಬಹುಪಾಲು ಹೀಗೆಯೇ. ಫೋಟೊದಲ್ಲಿ ಬಾಯಿ ಎಡಕ್ಕೆ ಕಂಡರೆ ಅಪರೂಪದ್ದು ಸಿಕ್ಕಿತೆಂದು ಹಿಗ್ಗುವ ಮೊದಲು ಫೋನನ್ನು ಅನುಮಾನಿಸಬೇಕು. ಸೆಲ್ಫಿ ಕ್ಯಾಮೆರಾ ಎಡಬಲ ತಿರುಗಿಸಿಬಿಟ್ಟಿರಬಹುದು.

ಇನ್ನು ಬಾಯಿ ನೋಡಿ! ಮೊದಲನೆಯದಕ್ಕೆ ಪುಟ್ಟ ಮೊಟ್ಟೆಯಾಕಾರದ ಬಾಯಿ, ಅದರ ಕೆಳಗೆ ನೇರವಾಗಿ ಇಳಿದ ಉದ್ದನೆಯ ನಾಳ. ಜೀವಂತವಿದ್ದಾಗ ಹುಳು ತನ್ನ ಉಸಿರ್ಗೊಳವೆಯನ್ನು ಅದರೊಳಗೆ ಚಾಚಿ ನೀರು ಎಳೆದುಕೊಳ್ಳುತ್ತಿತ್ತು. ಎರಡನೆಯದರ ನಾಳ ಗಿಡ್ಡ; ಆದರೆ ಬಾಯಿಯ ಮೇಲ್ತುದಿಯಲ್ಲಿ ಇನ್ನೊಂದು ಕಾಲುವೆಯಿದೆ, ಹೊಲಸು ಹೊರಹೋಗುವ ದಾರಿ!

ನಿಜವಾದ ಅಚ್ಚರಿ ಏಣುಗಳಲ್ಲಿದೆ. ಮೊದಲನೆಯದರಲ್ಲಿ ಒಂದು ಸುತ್ತಿಗೆ ಮೂರು ದಪ್ಪ ಏಣು. ತುದಿಯ ಕಡೆಯಿಂದ ನೋಡಿದರೆ ಮುಳ್ಳುಗಳು ಮೂರು ದಿಕ್ಕಿಗೆ ಚಾಚಿರುತ್ತವೆ. ಅದು ಮ್ಯೂರೆಕ್ಸ್. ಎರಡನೆಯದರಲ್ಲಿ ಸುತ್ತಿಗೆ ಎರಡೇ, ಎದುರುಬದುರು. ಹಾಗಾಗಿ ಇಡೀ ಚಿಪ್ಪು ಒತ್ತಿ ಚಪ್ಪಟೆ ಮಾಡಿದಂತಿದೆ. ಅದು ಬಫೊನೇರಿಯಾ, ಕಪ್ಪೆಶಂಖಗಳ ಕುಟುಂಬದ್ದು.

ಈ ಏಣು ಅಲಂಕಾರವಲ್ಲ, ಒಂದು ಕಾಲಕ್ಕೆ ಅದೇ ಬಾಯಿಯ ಅಂಚು! ಮ್ಯೂರೆಕ್ಸ್ ಸುತ್ತಿನ ಮೂರನೇ ಒಂದು ಭಾಗ ಬೆಳೆದು ನಿಲ್ಲುತ್ತದೆ, ಅಂಚನ್ನು ದಪ್ಪಗಾಗಿಸಿ ಮುಳ್ಳು ಕಟ್ಟುತ್ತದೆ, ಆಮೇಲೆ ಮತ್ತೆ ಬೆಳೆಯುತ್ತದೆ. ಮುಂದಿನ ಸುತ್ತಿಗೆ ಹಳೆಯ ಮುಳ್ಳು ಅಡ್ಡ ಬಂದರೆ? ತಾನೇ ಕಟ್ಟಿದ ಮುಳ್ಳನ್ನು ತಾನೇ ಕರಗಿಸಿ ದಾರಿ ಮಾಡಿಕೊಳ್ಳುತ್ತದೆ!

ಅಲೆಯ ಹೊಡೆತಕ್ಕೆ ಮುಳ್ಳು ಮುರಿದರೂ ಏಣಿನ ದಿಬ್ಬ ಉಳಿಯುತ್ತದೆ, ಎಣಿಕೆ ತಪ್ಪದು. ನಾಳ ಮಾತ್ರ ಸುಲಭವಾಗಿ ಮುರಿಯುತ್ತದೆ. ತುದಿ ಒರಟಾಗಿದ್ದರೆ ಗಿಡ್ಡನೆಯ ನಾಳವೆಂದು ನಂಬಬೇಡಿ. ಹೀಗೆ ಸವೆದ ಚಿಪ್ಪಿನ ಫೋಟೊದಿಂದ ಕುಲ ಹೇಳಬಹುದು, ಜಾತಿಯನ್ನು ಖಚಿತವಾಗಿ ಹೇಳಲಾಗದು.

ನೀವೂ ತೆಗೆಯಿರಿ: ಬಾಯಿಯ ಕಡೆಯಿಂದ ಒಂದು, ಬೆನ್ನಿನ ಕಡೆಯಿಂದ ಒಂದು, ತುದಿಯ ಮೇಲಿನಿಂದ ಒಂದು. ಅಳತೆಗೆ ಪಕ್ಕದಲ್ಲಿ ನಾಣ್ಯವಿರಲಿ. ಆಮೇಲೆ ಚಿಪ್ಪನ್ನು ಅಲ್ಲಿಯೇ ಬಿಡಿ. ಸನ್ಯಾಸಿ ಏಡಿಗೆ ಅದೇ ಮನೆ.