ಮಾತಿಲ್ಲದ ಮೂವತ್ತು ಸೆಕೆಂಡು

ಮುಂಬೈನಲ್ಲಿ ಜಾಹೀರಾತು ಬರೆಯುವುದು ನನ್ನ ಹೊಟ್ಟೆಪಾಡು. ಒಂದು ಕಾಫಿಪುಡಿ ಕಂಪನಿಯವರು ಬಂದು, 'ಒಂದು ಮಾತೂ ಇರಬಾರದು, ಹಾಡೂ ಬೇಡ, ನೋಡಿದವನಿಗೆ ವಾಸನೆ ಬರಬೇಕು' ಅಂದಾಗ ಖುಷಿಯಾಯಿತು. ಫಿಲ್ಟರ್ ಕಾಫಿ ತಾನೇ, ಹಾಸನದವನಿಗೆ ಇದೊಂದು ಕಷ್ಟವೇ ಅಂದುಕೊಂಡೆ. ಒಂದೇ ರಾತ್ರಿಯಲ್ಲಿ ಬರೆದೆ. ಪುಡಿ ಬೀಳುತ್ತದೆ, ಬಿಸಿನೀರು ಬೀಳುತ್ತದೆ, ಡಿಕಾಕ್ಷನ್ ತೊಟ್ಟಿಕ್ಕುತ್ತದೆ, ಲೋಟದಿಂದ ಬಟ್ಟಲಿಗೆ ಕಾಫಿ ಇಳಿಯುತ್ತದೆ. ಎಲ್ಲದರ ಮುಂದೆಯೂ 'ಸ್ಲೋ ಮೋಷನ್' ಎಂದು ಬರೆದಿದ್ದೆ.

ನಿರ್ದೇಶಕರು ಓದಿ ಕ್ಯಾಲ್ಕುಲೇಟರ್ ತೆಗೆದರು. ಪರದೆಯ ಮೇಲೆ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ. ಕ್ಯಾಮೆರಾ ಸೆಕೆಂಡಿಗೆ 1000 ಫ್ರೇಮ್ ಹಿಡಿದರೆ, ನಿಜದ ಒಂದು ಸೆಕೆಂಡು ಪರದೆಯಲ್ಲಿ 40 ಸೆಕೆಂಡಾಗುತ್ತದೆ. ಕಾಫಿ ಸುರಿಯಲು ಎರಡು ಸೆಕೆಂಡು ಸಾಕು, ಆದರೆ ತೋರಿಸಲು 80 ಸೆಕೆಂಡು ಬೇಕು. ನಮಗಿದ್ದದ್ದು 30. ಅದರಲ್ಲಿ ಕೊನೆಯ ನಾಲ್ಕು ಪೊಟ್ಟಣಕ್ಕೆ ಮತ್ತು ಹೆಸರಿಗೆ ಹೋಗಬೇಕು.

ಆಮೇಲೆ ಪ್ರತಿ ಶಾಟಿಗೂ ಅದರದೇ ವೇಗ ಬರೆದೆ. ಹನಿಗೆ ಮಾತ್ರ 1000. ಹನಿ ಹತ್ತು ಸೆಂಟಿಮೀಟರ್ ಬೀಳಲು ಸುಮಾರು 0.14 ಸೆಕೆಂಡು ಬೇಕು, ಪರದೆಯಲ್ಲಿ ಅದು ಹೆಚ್ಚುಕಡಿಮೆ ಆರು ಸೆಕೆಂಡು. ಹಬೆಗೆ 100 ಸಾಕು, ಅದಕ್ಕಿಂತ ಹೆಚ್ಚಿಸಿದರೆ ಅದು ಅಲುಗಾಡದೆ ಹತ್ತಿಯ ಹಾಗೆ ನಿಂತುಬಿಡುತ್ತದೆ. ಹಬೆ ಕಾಣಬೇಕಾದರೆ ಹಿಂದೆ ಕತ್ತಲಿರಬೇಕು, ಬೆಳಕು ಹಿಂಬದಿಯಿಂದ ಬರಬೇಕು. ಪುಡಿಗೆ ಐದು ಸೆಕೆಂಡು, ನೀರು-ಹಬೆಗೆ ಆರು, ಹನಿಗೆ ಆರು, ಸುರಿಯುವುದಕ್ಕೆ ಆರು. ಉಳಿದ ಮೂರರಲ್ಲಿ ಒಂದು ಕೈ ಲೋಟವನ್ನು ಮೇಜಿನ ಮೇಲಿಡುತ್ತದೆ, ಮಾಮೂಲಿ ವೇಗದಲ್ಲಿ. ಇಷ್ಟು ನಿಧಾನ ನೋಡಿದ ಕಣ್ಣಿಗೆ ಮಾಮೂಲಿ ವೇಗವೇ ಚುರುಕಾಗಿ ಕಾಣುತ್ತದೆ.

ಚಿತ್ರೀಕರಣದ ಮೊದಲ ರಾತ್ರಿ ಪೂರ್ತಿ ನೀರುಪಾಲಾಯಿತು. ಹನಿ ಚೆನ್ನಾಗಿಯೇ ಬಂದಿತ್ತು, ಆದರೆ ಓಡಿಸಿ ನೋಡಿದರೆ ಚಿತ್ರವಿಡೀ ಮಿಣಮಿಣ ಎನ್ನುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸಿನದು, ಅದನ್ನು ನೇರವಾಗಿ ತಿನ್ನುವ ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತವೆ. ಬರಿಗಣ್ಣಿಗೆ ಅದು ತಿಳಿಯದು. ಸಾವಿರ ಫ್ರೇಮಿನಲ್ಲಿ ಪ್ರತಿ ಮಿಣುಕು ಹತ್ತು ಫ್ರೇಮಿಗೆ ಹರಡಿಕೊಂಡು ಪರದೆಯಲ್ಲಿ ಸೆಕೆಂಡಿಗೆ ಎರಡೂವರೆ ಸಲ ಬಡಿದುಕೊಳ್ಳುತ್ತದೆ. ದೀಪ ಬಾಡಿಗೆಗೆ ಕೊಟ್ಟವರು 'ಮಿಣುಕುವುದಿಲ್ಲ' ಎಂದಿದ್ದರು. ಪರೀಕ್ಷೆಯ ತುಣುಕನ್ನು ಅಲ್ಲೇ ಓಡಿಸಿ ನೋಡದೇ ಹೋದದ್ದು ನಮ್ಮ ತಪ್ಪು. ಬೆಳಕೂ ಸಾಲದಾಗಿತ್ತು. ಮಾಮೂಲಿ ಚಿತ್ರದಲ್ಲಿ ಒಂದು ಫ್ರೇಮಿಗೆ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು ಸಿಗುತ್ತದೆ, ಇಲ್ಲಿ ಎರಡು ಸಾವಿರದಲ್ಲಿ ಒಂದು ಭಾಗ, ಅಂದರೆ ನಲವತ್ತು ಪಟ್ಟು ಕಡಿಮೆ. ಮರುದಿನ ದೀಪ ಬದಲಿಸಿದೆವು. ಆ ಒಂದು ದಿನದ ಖರ್ಚು ನಮ್ಮ ಲಾಭದಲ್ಲಿ ಅರ್ಧ ನುಂಗಿತು.

ಸ್ಕ್ರಿಪ್ಟಿನಲ್ಲಿ ಎಡಗಡೆ ದೃಶ್ಯ, ಬಲಗಡೆ ಶಬ್ದ. ಮಾತಿದ್ದಾಗ ಬಲಗಡೆ ತಾನಾಗಿಯೇ ತುಂಬುತ್ತದೆ. ಈ ಸಲ ನಾನು ಅಲ್ಲಿ 'ಹನಿ ಬೀಳುವ ಶಬ್ದ' ಎಂದಷ್ಟೇ ಬರೆದಿದ್ದೆ. ಶಬ್ದ ವಿನ್ಯಾಸ ಮಾಡುವ ಮರಾಠಿ ಗೆಳೆಯ, 'ಯಾವ ಶಬ್ದ? ಆ ಕ್ಯಾಮೆರಾದಲ್ಲಿ ಶಬ್ದವೇ ದಾಖಲಾಗಲ್ಲ' ಎಂದ. ಬೇರೆಯಾಗಿ ಹಿಡಿದು ನಲವತ್ತು ಪಟ್ಟು ನಿಧಾನ ಮಾಡಿದರೂ ಪ್ರಯೋಜನವಿಲ್ಲ. 400 ಹರ್ಟ್ಸಿನ ಸದ್ದು 10 ಹರ್ಟ್ಸಿಗೆ ಇಳಿಯುತ್ತದೆ, ಕಿವಿಗೆ ಏನೂ ಕೇಳದು. ಆದ್ದರಿಂದ ಚಿತ್ರ ನಿಧಾನ, ಶಬ್ದ ನಿಜದ ವೇಗ.

ಬಲಗಡೆಯನ್ನು ಮತ್ತೆ ಬರೆದೆ. ಮೊದಲು ಅಡುಗೆಮನೆ: ದೂರದಲ್ಲಿ ಕಾಗೆ, ಪಕ್ಕದ ಮನೆಯ ಕುಕ್ಕರ್. ಹನಿ ತೂತಿನಿಂದ ಬಿಟ್ಟ ಕ್ಷಣ ಇವೆಲ್ಲ ನಿಲ್ಲುತ್ತವೆ. ಆರು ಸೆಕೆಂಡು ಬಹುತೇಕ ಮೌನ. ಹನಿ ತಾಗಿದ ಫ್ರೇಮಿನಲ್ಲಿ ಒಂದೇ ಒಂದು 'ಟಿಕ್'. ಅದಕ್ಕಾಗಿ ಮನೆಯಿಂದ ನನ್ನ ಫಿಲ್ಟರನ್ನೇ ಒಯ್ದೆ. ಅಮ್ಮ ಕೊಟ್ಟ ಹಿತ್ತಾಳೆಯದು. ಸ್ಟೀಲಿನ ಸದ್ದು ಚೂಪಾಗಿತ್ತು, ಇದರದ್ದು ಗುಂಡಗಿತ್ತು. ಶಬ್ದ ಎರಡು ಫ್ರೇಮ್ ಮೊದಲೇ ಬಂದಾಗ ಎಲ್ಲರಿಗೂ ಏನೋ ಸುಳ್ಳೆನಿಸಿತು, ಒಂದು ಫ್ರೇಮ್ ತಡವಾದಾಗ ಯಾರಿಗೂ ಗೊತ್ತಾಗಲಿಲ್ಲ. ಲೋಕದಲ್ಲಿ ಶಬ್ದ ಯಾವಾಗಲೂ ಬೆಳಕಿನ ಹಿಂದೆಯೇ ಬರುವುದಲ್ಲವೇ!

ಮೌನದ ಕೆಳಗೆ ಸಣ್ಣ ಗುಡುಗಿನಂಥ ಗುಂಯ್‌ಗುಡುವಿಕೆ ಇಟ್ಟಿದ್ದೆವು. ಸ್ಟುಡಿಯೋದಲ್ಲಿ ಎದೆ ನಡುಗಿತು. ಕಂಪನಿಯವರು ಮೊಬೈಲಿನಲ್ಲಿ ನೋಡಿ, 'ಇಲ್ಲಿ ಆಡಿಯೋ ಹಾರಿದೆಯಾ ಸಾರ್?' ಎಂದು ಕೇಳಿದರು. ಅಷ್ಟು ಕೆಳಗಿನ ಸದ್ದು ಆ ಪುಟ್ಟ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಅದನ್ನು ತೆಗೆದು ಫಿಲ್ಟರಿನೊಳಗೆ ನೀರು ಇಂಗುವ ಸಣ್ಣ ಚುರುಚುರು ಇಟ್ಟೆವು. ಮತ್ತೆ ಕಳಿಸಿದಾಗ ಅವರು ಎರಡು ಸಲ ನೋಡಿ, ಕಾಫಿ ಕುಡಿದು ಬರುತ್ತೇವೆ ಎಂದು ಎದ್ದುಹೋದರು.