ಎರಡು ಕಾಮಾ, ಒಂಬತ್ತು ಬಾಡಿಗೆದಾರರು

ನಾವು ಬಾಡಿಗೆಗಿರುವ ಕಟ್ಟಡದ ಲಿಫ್ಟಿನ ಪಕ್ಕ ಒಂದು ಬೆಳಿಗ್ಗೆ ಇಂಗ್ಲಿಷ್ ನೋಟಿಸ್ ಅಂಟಿತ್ತು: ‘ದ ಟೆನಂಟ್ಸ್, ಹೂ ಹ್ಯಾವ್ ನಾಟ್ ಪೇಯ್ಡ್ ಮೆಂಟೆನೆನ್ಸ್, ವಿಲ್ ನಾಟ್ ಗೆಟ್ ಪಾರ್ಕಿಂಗ್.’ ನಮ್ಮಲ್ಲಿ ಒಟ್ಟು ಒಂಬತ್ತು ಬಾಡಿಗೆ ಮನೆಗಳು. ದುಡ್ಡು ಬಾಕಿ ಉಳಿಸಿಕೊಂಡವರು ಇಬ್ಬರೇ. ಆ ಇಬ್ಬರಲ್ಲಿ ನಾನಿಲ್ಲ. ಆದರೆ ನೋಟಿಸನ್ನು ಬರೆದಂತೆಯೇ ಓದಿದರೆ ನನ್ನ ಸ್ಕೂಟರಿಗೂ ಜಾಗವಿಲ್ಲ.

ತಪ್ಪೆಲ್ಲ ಆ ಎರಡು ಕಾಮಾಗಳದ್ದು. ‘ಹೂ’ದಿಂದ ಶುರುವಾಗುವ ತುಣುಕನ್ನು ಎರಡು ಕಾಮಾಗಳ ನಡುವೆ ಇಟ್ಟರೆ ಅದು ‘ಅಂದಹಾಗೆ’ ಎಂದು ಸೇರಿಸಿದ ಮಾತಾಗುತ್ತದೆ. ಅದನ್ನು ಎತ್ತಿ ಪಕ್ಕಕ್ಕಿಟ್ಟರೂ ಮುಖ್ಯ ವಾಕ್ಯ ಹಾಗೇ ನಿಲ್ಲಬೇಕು. ನಮ್ಮ ನೋಟಿಸಿನಲ್ಲಿ ಹಾಗೆ ಎತ್ತಿಟ್ಟು ನೋಡಿ: ಬಾಡಿಗೆದಾರರಿಗೆ ಪಾರ್ಕಿಂಗ್ ಇಲ್ಲ ಎಂದಷ್ಟೇ ಉಳಿಯುತ್ತದೆ. ಜೊತೆಗೆ, ಅಂದಹಾಗೆ, ಇವರ್ಯಾರೂ ದುಡ್ಡು ಕಟ್ಟಿಲ್ಲ ಎಂಬ ಆರೋಪ ಬೇರೆ. ಕಾಮಾಗಳನ್ನು ತೆಗೆದರೆ ಅದೇ ತುಣುಕು ಜರಡಿಯಾಗುತ್ತದೆ. ಒಂಬತ್ತು ಮಂದಿಯನ್ನು ಹಾಕಿ ಆಡಿಸಿದರೆ ಇಬ್ಬರು ಸಿಗುತ್ತಾರೆ. ಹಾಗಾಗಿ ಬರೆಯುವ ಮುಂಚೆ ಕೇಳಿಕೊಳ್ಳಬೇಕಾದದ್ದು ಒಂದೇ: ಯಾರು, ಯಾವುದು ಎಂದು ಗುರುತಿಸಲು ಓದುಗನಿಗೆ ಈ ತುಣುಕು ಬೇಕೇ? ಬೇಕಾದರೆ ಕಾಮಾ ಬೇಡ.

ಸೆಕ್ರೆಟರಿಯವರಿಗೆ ಹೇಳಿದೆ. ‘ಉದ್ದ ವಾಕ್ಯ ಅಲ್ವಾ ಸಾರ್, ಉಸಿರು ತಗೊಳ್ಳೋಕೆ ಜಾಗ ಇರಲಿ ಅಂತ ಹಾಕ್ದೆ’ ಎಂದರು. ಸಂಜೆಗೆ ಹೊಸ ನೋಟಿಸ್ ಬಂತು. ಮೊದಲ ಕಾಮಾ ಹೋಗಿತ್ತು, ‘ಮೆಂಟೆನೆನ್ಸ್’ ಆದಮೇಲಿನದು ಅಲ್ಲೇ ಕುಳಿತಿತ್ತು. ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಈ ಕಾಮಾಗಳು ಆವರಣ ಚಿಹ್ನೆಯ ಹಾಗೆ. ತೆರೆದದ್ದನ್ನು ಮುಚ್ಚಬೇಕು, ತೆರೆಯದೆ ಮುಚ್ಚಬಾರದು. ಒಂಟಿ ಕಾಮಾ ಕರ್ತೃವನ್ನೂ ಕ್ರಿಯಾಪದವನ್ನೂ ಸುಮ್ಮನೆ ಬೇರ್ಪಡಿಸುತ್ತದೆ, ಅಷ್ಟೇ.

ಇದಕ್ಕೆ ತದ್ವಿರುದ್ಧವಾದ ಎಡವಟ್ಟು ರಜೆ ಅರ್ಜಿಗಳಲ್ಲಿ ಕಾಣುತ್ತದೆ: ‘ಮೈ ಮದರ್ ಹೂ ಲಿವ್ಸ್ ಇನ್ ಹಾಸನ್ ಈಸ್ ಇಲ್.’ ಕಾಮಾ ಇಲ್ಲದ್ದರಿಂದ ಇಲ್ಲಿ ಜರಡಿ ಆಡಿಸಿದಂತಾಯಿತು. ಹಾಸನದ ತಾಯಿಗೆ ಹುಷಾರಿಲ್ಲ, ಬೇರೆ ಊರಿನ ತಾಯಿ ಚೆನ್ನಾಗಿದ್ದಾರೆ ಎಂಬಂತೆ. ಇರುವುದು ಒಂದೇ ಎಂದಾದರೆ, ತಾಯಿಯಿರಲಿ, ಕಾವೇರಿ ನದಿಯಿರಲಿ, ಗುರುತಿಸುವ ಕೆಲಸ ಆಗಲೇ ಮುಗಿದಿರುತ್ತದೆ. ಅಲ್ಲಿ ಎರಡೂ ಕಾಮಾ ಬೇಕು.

‘ದಟ್’ ವಿಷಯದಲ್ಲಿ ಈ ತಲೆನೋವು ಕಡಿಮೆ. ಅದು ಜರಡಿಯ ಕೆಲಸಕ್ಕೆ ಮಾತ್ರ. ಕಾಮಾ ಹಾಕಿ ಅದರಿಂದ ‘ಅಂದಹಾಗೆ’ ಹೇಳಿಸುವ ವಾಡಿಕೆ ಈಗಿನ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ‘ವಿಚ್’ ಎರಡಕ್ಕೂ ಬರುತ್ತದೆ. ಜರಡಿಗೆ ‘ದಟ್’, ಅಂದಹಾಗೆಗೆ ‘ವಿಚ್’ ಎಂದು ಹಂಚಿಬಿಟ್ಟರೆ ಸಲೀಸು ಎಂದು 1926ರಲ್ಲಿ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಸೂಚಿಸಿದವರು ಎಚ್. ಡಬ್ಲ್ಯೂ. ಫೌಲರ್. ಒಳ್ಳೆಯ ಲೇಖಕರೂ ಹಾಗೆ ಬರೆಯುತ್ತಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಆದರೂ ಅಮೆರಿಕದ ಸಂಪಾದಕರು ಆ ಸಲಹೆಯನ್ನು ನಿಯಮವನ್ನಾಗಿಯೇ ಹಿಡಿದುಕೊಂಡರು. ಬ್ರಿಟನ್ನಿನಲ್ಲಿ ಕಾಮಾ ಇಲ್ಲದ ‘ವಿಚ್’ ಇಂದಿಗೂ ಸಾಮಾನ್ಯ. ಅದನ್ನು ಕೆಂಪು ಶಾಯಿಯಲ್ಲಿ ಸುತ್ತುವ ಮೇಷ್ಟರುಗಳ ಬಗ್ಗೆ ನನಗೆ ಅಂಥ ಗೌರವವಿಲ್ಲ. ಅರ್ಥವನ್ನು ಬದಲಿಸುವುದು ಕಾಮಾ, ‘ವಿಚ್’ ಅಲ್ಲ.

ನಾವು ಇಲ್ಲಿ ಎಡವುವುದಕ್ಕೆ ಕಾರಣ ದಡ್ಡತನವಲ್ಲ. ‘ಹಾಸನದಲ್ಲಿರುವ ನಮ್ಮ ತಾಯಿ’, ‘ದುಡ್ಡು ಕಟ್ಟದ ಬಾಡಿಗೆದಾರರು’ ಎಂಬೆರಡನ್ನೂ ಕನ್ನಡ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತದೆ. ‘ಇರುವ’, ‘ಕಟ್ಟದ’ ಎಂಬ ಕೃದಂತ ನಾಮಪದದ ಮುಂದೆ ಬಂದು ನಿಂತರಾಯಿತು. ನಡುವೆ ಕಾಮಾಕ್ಕೆ ಜಾಗವಿಲ್ಲ. ತಾಯಿ ಒಬ್ಬರೇ, ಬಾಡಿಗೆದಾರರು ಹಲವರು ಎಂಬುದು ಕೇಳುವವನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ ಕಡೆ ಕನ್ನಡದಲ್ಲೂ ಗೊಂದಲವೇ. ‘ಬೆಂಗಳೂರಿನಲ್ಲಿರುವ ನನ್ನ ಮಕ್ಕಳಿಗೆ ಸೈಟು’ ಎಂದು ಉಯಿಲಿನಲ್ಲಿ ಬರೆದು, ಮೂವರಲ್ಲಿ ಒಬ್ಬ ದಾವಣಗೆರೆಯಲ್ಲಿದ್ದರೆ ಅವನಿಗೆ ಪಾಲಿಲ್ಲ ಎಂದು ತೋರುತ್ತದೆ. ಬರೆದ ದಿನ ಮೂವರೂ ಬೆಂಗಳೂರಿನಲ್ಲೇ ಇದ್ದಿದ್ದರೆ? ಆಗ ಕಾಮಾ ನಮ್ಮ ನೆರವಿಗೆ ಬರುವುದಿಲ್ಲ. ‘ನನ್ನ ಮಕ್ಕಳಲ್ಲಿ ಬೆಂಗಳೂರಿನಲ್ಲಿರುವವರಿಗೆ ಮಾತ್ರ’ ಎಂದೋ, ‘ಮೂವರು ಮಕ್ಕಳಿಗೂ’ ಎಂದೋ ಬಿಡಿಸಿ ಬರೆಯಬೇಕು.

ಮೂರನೆಯ ನೋಟಿಸಿನಲ್ಲಿ ಎರಡೂ ಕಾಮಾ ಹೋಗಿದ್ದವು. ಕೆಳಗೆ ವಾಚ್‌ಮನ್ನರಿಗಾಗಿ ಸೆಕ್ರೆಟರಿ ಕೈಯಲ್ಲೇ ಒಂದು ಸಾಲು ಬರೆದಿದ್ದರು: ‘ದುಡ್ಡು ಕಟ್ಟದ ಇಬ್ಬರ ಗಾಡಿ ಒಳಗೆ ಬಿಡಬೇಡಿ.’